ಜೇಬಿನಲ್ಲಿ ಸಿಕ್ಕಿದ ಬಾರ್‌ಕೋಡ್ ಚೀಟಿ

ನೆಲಮಂಗಲದ ಹತ್ತಿರ ವಾಹನಗಳ ಬಿಡಿಭಾಗ ಇಡುವ ಒಂದು ಗೋದಾಮಿನಲ್ಲಿ ನಾನು ಶಿಫ್ಟ್ ನೋಡಿಕೊಳ್ಳುತ್ತಿದ್ದೆ. ಶಿಫ್ಟಿಗೆ 23 ಪಿಕ್ಕರ್‌ಗಳು. ಡೀಲರ್ ಆರ್ಡರ್ ಬಂದರೆ ಲಿಸ್ಟ್ ಹಿಡಿದು, ಟ್ರಾಲಿ ತಳ್ಳಿಕೊಂಡು ಹೋಗಿ, ರ್‍ಯಾಕಿನ ಖಾನೆ, ಅಂದರೆ ಬಿನ್‌ನಿಂದ ಮಾಲು ತೆಗೆದು, ಸ್ಕ್ಯಾನ್ ಮಾಡಿ, ಪ್ಯಾಕಿಂಗ್ ಟೇಬಲ್ಲಿಗೆ ತಂದಿಡುವುದು ಅವರ ಕೆಲಸ. ಲಿಸ್ಟಿನ ಒಂದೊಂದು ಐಟಂಗೆ ಒಂದು ಲೈನ್ ಅನ್ನುತ್ತೇವೆ. ದಿನಕ್ಕೆ ಒಬ್ಬ ಸರಾಸರಿ 300 ಲೈನ್ ಮಾಡುತ್ತಿದ್ದ. ಅದು ಸಾಲದು, ಇನ್ಸೆಂಟಿವ್ ಇಡಿ ಅಂತ ಮೇಲಿಂದ ಮಾತು ಬಂತು.

ನಾನು ಮೊದಲು ಮಾಡಿದ ಸ್ಕೀಮ್ ಒಂದೇ ಸಾಲಿನದು. 300 ದಾಟಿದ ಮೇಲೆ ಪ್ರತಿ ಲೈನಿಗೆ ಒಂದೂವರೆ ರೂಪಾಯಿ. ಎರಡೇ ವಾರದಲ್ಲಿ ಸರಾಸರಿ 390ಕ್ಕೆ ಹೋಯಿತು. ಮ್ಯಾನೇಜರ್ ಬೆನ್ನು ತಟ್ಟಿದರು. ನಾನೂ ಉಬ್ಬಿದೆ, ಸುಳ್ಳು ಯಾಕೆ.

ಮೂರನೇ ವಾರ ಫೋನುಗಳು ಶುರುವಾದವು. 6203 ಬೇರಿಂಗ್ ಕೇಳಿದವರಿಗೆ 6202 ಹೋಗಿದೆ. ರಬ್ಬರ್ ಸೀಲ್ ಇರುವುದು ಕೇಳಿದರೆ ತಗಡಿನ ಮುಚ್ಚಳದ್ದು ಹೋಗಿದೆ. ಸೀಲಿನದೂ ಮುಚ್ಚಳದ್ದೂ ಒಂದೇ ಅಳತೆ, ನೋಡೋಕೂ ಹೆಚ್ಚುಕಮ್ಮಿ ಒಂದೇ ಥರ. ಡೀಲರ್ ಬಾಕ್ಸ್ ಒಡೆದು ನೋಡುವುದು ಮಾಲು ತಲುಪಿದ ಎಷ್ಟೋ ದಿನಕ್ಕೆ. ಅಂದರೆ ವೇಗದ ಲೆಕ್ಕ ಅವತ್ತೇ ಸಂಜೆ ಬರುತ್ತದೆ, ತಪ್ಪಿನ ಲೆಕ್ಕ ಎರಡು ವಾರಕ್ಕೆ ಬರುತ್ತದೆ. ಅಷ್ಟರಲ್ಲಿ ದುಡ್ಡು ಕೊಟ್ಟು ಮುಗಿದಿತ್ತು.

ಆಮೇಲೆ ನಾನು ಆಫೀಸ್ ಬಿಟ್ಟು ಸಾಲುಗಳ ನಡುವೆ ಓಡಾಡಲು ಶುರು ಮಾಡಿದೆ. ಒಬ್ಬ ಹುಡುಗನ ಜೇಬಿನಲ್ಲಿ ಬಿನ್ ಬಾರ್‌ಕೋಡ್‌ಗಳನ್ನು ಅಂಟಿಸಿದ ಒಂದು ಉದ್ದ ಚೀಟಿ ಸಿಕ್ಕಿತು. ನಮ್ಮ ಸ್ಕ್ಯಾನರ್ ಕೇಳುತ್ತಿದ್ದುದು ಬಿನ್ ಕೋಡ್ ಮಾತ್ರ. ಹಾಗಾಗಿ ಅವನು ಒಂದು ಕಡೆ ನಿಂತು ಆರು ಬಿನ್‌ನ ಕೋಡ್ ಹೊಡೆದು, ಆಮೇಲೆ ನೆನಪಿನ ಮೇಲೆ ಮಾಲು ಎತ್ತಿಕೊಂಡು ಬರುತ್ತಿದ್ದ. ಕೋಪ ಬಂತು. ಆದರೆ ಯೋಚಿಸಿದರೆ ಅವನು ನಾನು ಏನಕ್ಕೆ ದುಡ್ಡು ಕೊಡುತ್ತಿದ್ದೆನೋ ಅದನ್ನೇ ಮಾಡಿದ್ದ. ಇನ್ನು ಕೆಲವರು ರ್‍ಯಾಕಿನ ಮೇಲಿನ ಸಾಲಿನ ಮಾಲಿಗೆ ಏಣಿ ತರುವ ಬದಲು ಸ್ಕ್ಯಾನರ್‌ನಲ್ಲಿ 'ಸ್ಟಾಕ್ ಇಲ್ಲ' ಒತ್ತಿ ಮುಂದೆ ಹೋಗುತ್ತಿದ್ದರು. ಹಳಬರು ಬೆಳಗ್ಗೆಯೇ ಟ್ರೇಯಿಂದ ಬೇರಿಂಗ್, ಬಲ್ಬು, ಕೇಬಲ್ಲಿನ ಲಿಸ್ಟ್ ಆರಿಸಿಕೊಂಡು, ಸೈಲೆನ್ಸರ್ ಮತ್ತು ಬಂಪರ್ ಲಿಸ್ಟನ್ನು ಹೊಸ ಹುಡುಗರಿಗೆ ಬಿಡುತ್ತಿದ್ದರು.

ಸ್ಕೀಮ್ ನಿಲ್ಲಿಸಿದೆ. ತಪ್ಪಿಗೆ 50 ರೂಪಾಯಿ ಕಟ್ ಮಾಡಿ ಅಂತ ಒಬ್ಬರು ಹೇಳಿದರು. ಅದು ಬೇಡ ಅಂದೆ. ಒಂದು, ಸಂಬಳದಿಂದ ದಂಡ ಹಿಡಿಯಲು ಕಾನೂನಿನ ಕಟ್ಟು ಇದೆ. ಒಂದು ವೇತನ ಅವಧಿಯಲ್ಲಿ ವೇತನದ ಶೇ. 3ಕ್ಕಿಂತ ಜಾಸ್ತಿ ದಂಡ ಹಾಕುವಂತಿಲ್ಲ, ಅದಕ್ಕೂ ಯಾವ ಯಾವ ತಪ್ಪಿಗೆ ದಂಡ ಅಂತ ಮೊದಲೇ ಒಪ್ಪಿಗೆ ಪಡೆದ ಪಟ್ಟಿ ಬೇಕು. ಎರಡು, ದಂಡ ಇದ್ದರೆ ತಪ್ಪು ಮಾಡಿದವನು ಅದನ್ನು ಮುಚ್ಚಿಡುತ್ತಾನೆ. ನನಗೆ ಬೇಕಿದ್ದದ್ದು ಅವನೇ ಬಂದು 'ಸರ್, ತಪ್ಪಾಯ್ತು, ಆ ಬಾಕ್ಸ್ ನಿಲ್ಲಿಸಿ' ಅನ್ನುವುದು.

ಎರಡನೇ ಸಲ ಲೈನ್ ಲೆಕ್ಕವನ್ನೇ ಬಿಟ್ಟೆ. ಮೂರು ದಿನ ಫೋನಿನ ಸ್ಟಾಪ್‌ವಾಚ್ ಹಿಡಿದು ಬೇರೆ ಬೇರೆ ಪಿಕ್ಕರ್‌ಗಳ ಹಿಂದೆ ನಡೆದೆ. ಸೊಂಟದ ಎತ್ತರದ ಬಿನ್‌ನಿಂದ ಚಿಕ್ಕ ಐಟಂ ತೆಗೆಯಲು ಸುಮಾರು 25 ಸೆಕೆಂಡು. ಏಣಿ ಬೇಕಾದರೆ 70 ದಾಟುತ್ತಿತ್ತು. ಇಬ್ಬರು ಹಿಡಿಯಬೇಕಾದ ಮಾಲಿಗೆ ಎರಡು ನಿಮಿಷ. ಇದು ಬಿನ್ ಮುಂದಿನ ಹೊತ್ತು ಮಾತ್ರ, ಶಿಫ್ಟಿನ ಸುಮಾರು ಅರ್ಧ ಬರೀ ನಡಿಗೆಗೆ ಹೋಗುತ್ತಿತ್ತು. ಹಾಗಾಗಿ ಪಾಯಿಂಟ್ ಇಟ್ಟೆ. ಸಾದಾ ಲೈನಿಗೆ 1, ಏಣಿಯದಕ್ಕೆ 3, ಇಬ್ಬರ ಮಾಲಿಗೆ ತಲಾ 5. ಲಿಸ್ಟ್ ಆರಿಸುವ ಟ್ರೇ ತೆಗೆಸಿ, ಸ್ಕ್ಯಾನರೇ ಮುಂದಿನ ಲಿಸ್ಟ್ ಕೊಡುವ ಹಾಗೆ ಮಾಡಿಸಿದೆ. ಬಂಪರ್ ಸಾಲಿನ ಜಗಳ ಅಲ್ಲಿಗೆ ನಿಂತಿತು.

320 ಪಾಯಿಂಟಿನಿಂದ ಇನ್ಸೆಂಟಿವ್ ಶುರು, ಪಾಯಿಂಟಿಗೆ 2 ರೂಪಾಯಿ. 420ಕ್ಕೆ ನಿಲ್ಲುತ್ತದೆ. ಅಂದರೆ ದಿನಕ್ಕೆ ಜಾಸ್ತಿ ಅಂದರೆ 200 ರೂಪಾಯಿ. ಈ ಮೇಲಿನ ಮಿತಿಯ ಬಗ್ಗೆ ಮ್ಯಾನೇಜರ್ ಜೊತೆ ವಾದವಾಯಿತು. ಓಡುವವನನ್ನು ಯಾಕೆ ತಡೀತೀರಿ ಅಂದರು. ಅವನು ಓಡಬಾರದು ಅಂತಲೇ ಅಂದೆ. ಸ್ಟಾಪ್‌ವಾಚ್ ಹಿಡಿದ ದಿನಗಳಲ್ಲಿ ಒಳ್ಳೆ ಕೈಯವರು ನಡೆದುಕೊಂಡೇ 400ರ ಆಸುಪಾಸು ಮುಟ್ಟುತ್ತಿದ್ದರು. ಅದರಾಚೆ ಹೋಗಲು ಟ್ರಾಲಿ ಓಡಿಸಬೇಕು, ಇಲ್ಲ ರ್‍ಯಾಕ್ ಹತ್ತಬೇಕು.

ಇನ್ನು ತಪ್ಪಿನ ಮಾತು. ವೇಗದ ದುಡ್ಡು ಕೈಗೆ ಬರಬೇಕಾದರೆ ತಪ್ಪಿನ ಬಾಗಿಲು ದಾಟಬೇಕು ಅನ್ನುವುದು ನನ್ನ ಯೋಚನೆ. ಮೊದಲು ಒಬ್ಬೊಬ್ಬನ 15 ಲೈನನ್ನು ದಿನಾ ಪ್ಯಾಕಿಂಗ್‌ನಲ್ಲಿ ಪರೀಕ್ಷೆ ಮಾಡೋಣ ಅಂದುಕೊಂಡೆ. 25 ದಿನಕ್ಕೆ 375 ಲೈನ್. ಲೆಕ್ಕ ಹಾಕಿದರೆ ಅದು ಅನ್ಯಾಯ. ಸಾವಿರಕ್ಕೆ 3 ತಪ್ಪು ಮಾಡುವ ಒಳ್ಳೆಯ ಪಿಕ್ಕರ್‌ನ 375 ಲೈನಿನಲ್ಲಿ ಸರಾಸರಿ ಒಂದು ತಪ್ಪು ಸಿಗುತ್ತದೆ. ಆದರೆ ಅಂಥ ಹತ್ತು ಜನರಲ್ಲಿ ಒಬ್ಬನಿಗೆ ಬರೀ ಗ್ರಹಚಾರಕ್ಕೆ ಮೂರು ಸಿಗುತ್ತವೆ. ಕಾಗದದ ಮೇಲೆ ಅವನು ಸಾವಿರಕ್ಕೆ 8 ತಪ್ಪು ಮಾಡುವವನಾಗಿ ಕಾಣುತ್ತಾನೆ. ಅದಕ್ಕೆ ಪರೀಕ್ಷೆಯನ್ನು ದಿನಕ್ಕೆ 40 ಲೈನಿಗೆ ಏರಿಸಿದೆ. 23 ಜನಕ್ಕೆ 920 ಲೈನ್, ಒಂದಕ್ಕೆ ಹತ್ತು ಸೆಕೆಂಡ್ ಹಿಡಿದರೆ ಎರಡೂವರೆ ಗಂಟೆಯ ಕೆಲಸ. ಪ್ಯಾಕಿಂಗ್‌ನ ಇಬ್ಬರು ಅಕ್ಕಂದಿರಿಗೆ ಅದನ್ನು ವಹಿಸಿದೆವು. ಯಾವ ಟ್ರಾಲಿ ಅನ್ನುವುದನ್ನು ಸಿಸ್ಟಮ್ ಆರಿಸುತ್ತಿತ್ತು, ಅವರಲ್ಲ.

ಕೊನೆಯ 1000 ಪರೀಕ್ಷಿತ ಲೈನಿನಲ್ಲಿ 3 ತಪ್ಪಿನವರೆಗೆ ವೇಗದ ದುಡ್ಡು ಪೂರ್ತಿ. 4ರಿಂದ 6 ಇದ್ದರೆ ಅರ್ಧ. 7 ಆದರೆ ಇಲ್ಲ. 'ಈ ತಿಂಗಳು' ಅನ್ನದೆ 'ಕೊನೆಯ 1000' ಅಂದದ್ದಕ್ಕೆ ಕಾರಣ ಇದೆ. ತಿಂಗಳ ಲೆಕ್ಕ ಇಟ್ಟರೆ ಹತ್ತನೇ ತಾರೀಕಿಗೇ ಏಳು ತಪ್ಪಾದವನಿಗೆ ಉಳಿದ ಇಪ್ಪತ್ತು ದಿನ ಹುಷಾರಾಗಿರಲು ಕಾರಣವೇ ಇರುವುದಿಲ್ಲ. ಹೀಗಾದರೆ ಹಳೆ ತಪ್ಪುಗಳು ದಿನಾ ಸ್ವಲ್ಪ ಸ್ವಲ್ಪ ಹಿಂದೆ ಉದುರುತ್ತಾ ಹೋಗುತ್ತವೆ. ದುಡ್ಡು ಎರಡು ವಾರಕ್ಕೊಮ್ಮೆ, ಅದೂ ಒಂದು ವಾರ ತಡವಾಗಿ. ಅಷ್ಟರಲ್ಲಿ ಡೀಲರ್ ದೂರುಗಳೂ ಹೆಚ್ಚಿನವು ಬಂದಿರುತ್ತಿದ್ದವು.

ಮಾಲು ಗೇಟ್ ದಾಟುವ ಮೊದಲು ತಾನೇ ತಪ್ಪು ಹೇಳಿದರೆ ಅದು ಲೆಕ್ಕಕ್ಕಿಲ್ಲ. 'ಸ್ಟಾಕ್ ಇಲ್ಲ' ಒತ್ತಿದರೆ ಸ್ಟಾಕ್ ಎಣಿಸುವ ಹುಡುಗ ಅರ್ಧ ಗಂಟೆಯೊಳಗೆ ಹೋಗಿ ನೋಡುತ್ತಾನೆ. ನಿಜವಾಗಿಯೂ ಇಲ್ಲದಿದ್ದರೆ ಲೈನಿನ ಪಾಯಿಂಟ್ ಪೂರ್ತಿ ಸಿಗುತ್ತದೆ. ಇದ್ದರೆ ಒಂದು ತಪ್ಪು. ಸ್ಕ್ಯಾನರ್‌ನಲ್ಲಿ ಬಿನ್ ಜೊತೆಗೆ ಪ್ಯಾಕೆಟ್ ಕೋಡೂ ಕಡ್ಡಾಯ ಮಾಡಿದೆವು. ಲೈನಿಗೆ ಎರಡು ಮೂರು ಸೆಕೆಂಡ್ ಜಾಸ್ತಿಯಾಯಿತು. ಬಾರ್‌ಕೋಡ್ ಚೀಟಿಯ ಕಾಲ ಮುಗಿಯಿತು.

ಒಂದು ಕಡೆ ಅತಿ ಬುದ್ಧಿವಂತಿಕೆ ಮಾಡಿ ಕೆಟ್ಟೆ. ಬಿನ್‌ನಲ್ಲಿ ಬೇರೆ ಮಾಲು ಬೆರೆತಿದ್ದನ್ನು ತೋರಿಸಿದರೆ 5 ಪಾಯಿಂಟ್ ಅಂದಿದ್ದೆ. ಹತ್ತು ದಿನದಲ್ಲಿ ಬೆರೆತ ಬಿನ್‌ಗಳು ಎಲ್ಲೆಲ್ಲೂ! ಒಬ್ಬ ಊಟದ ಹೊತ್ತಿನಲ್ಲಿ ತಾನೇ ಬೆರೆಸಿ ಆಮೇಲೆ ತಾನೇ ತೋರಿಸುತ್ತಿದ್ದ. ಅದನ್ನು 1ಕ್ಕೆ ಇಳಿಸಿದೆ, ಕಾಟ ತಪ್ಪಿತು.

ಏಣಿಯ ವಿಷಯಕ್ಕೆ ದುಡ್ಡು ಸೇರಿಸಲಿಲ್ಲ. ಅಪಘಾತ ಆಗದಿದ್ದರೆ ಎಲ್ಲರಿಗೂ ಬೋನಸ್ ಅಂತ ಇಟ್ಟ ಕಡೆ ಕೈ ಕುಯ್ದುಕೊಂಡವನು ಹೇಳದೆ ಬಟ್ಟೆ ಸುತ್ತಿಕೊಂಡದ್ದನ್ನು ಹಿಂದೆ ಬೇರೊಂದು ಕಡೆ ನೋಡಿದ್ದೆ. ಯಾಕೆ ರ್‍ಯಾಕ್ ಹತ್ತುತ್ತೀರಿ ಅಂತ ಕೇಳಿದರೆ ರಾಯಚೂರು ಕಡೆಯ ಒಬ್ಬ ಅಂದ: "ಏಣಿ ಎರಡೇ ಅದಾವ್ರೀ ಸರ್. ಹುಡುಕೂದ್ರಾಗ ಲಿಸ್ಟ್ ಮುಗೀತೈತಿ." ಹೌದಲ್ವಾ ಅನ್ನಿಸಿತು. ಇನ್ನೂ ನಾಲ್ಕು ತರಿಸಿದೆವು. ಆಮೇಲೂ ಹತ್ತಿದವನನ್ನು ಅವತ್ತು ಆ ಸಾಲಿನ ಕೆಲಸದಿಂದ ತೆಗೆದು ಪ್ಯಾಕಿಂಗ್‌ಗೆ ಹಾಕುತ್ತಿದ್ದೆವು.

ಹೊಸ ಸ್ಕೀಮ್‌ಗೆ ಜನ ನಂಬಿಕೆ ಇಟ್ಟದ್ದು ಒಂದು ಜಗಳದ ನಂತರ. ಒಬ್ಬ ಒಳ್ಳೆಯ ಪಿಕ್ಕರ್ 12 ದಿನದಲ್ಲಿ ದಿನಕ್ಕೆ ಸರಾಸರಿ 380 ಪಾಯಿಂಟ್ ಮಾಡಿದ್ದ. 320ರ ಮೇಲೆ 60, ಪಾಯಿಂಟಿಗೆ 2ರಂತೆ ದಿನಕ್ಕೆ 120, ಒಟ್ಟು 1,440 ರೂಪಾಯಿ. ಆದರೆ ತಪ್ಪು 5 ಬಂದಿತ್ತು, ಹಾಗಾಗಿ ಸ್ಲಿಪ್‌ನಲ್ಲಿ 720. ಅವನು ಸ್ಲಿಪ್ ಹಿಡಿದು ಸೀದಾ ನನ್ನ ಟೇಬಲ್ಲಿಗೆ ಬಂದ. ನಾವು ಪ್ರತಿ ತಪ್ಪಿನ ಫೋಟೋ ಇಟ್ಟಿದ್ದೆವು. ಇಬ್ಬರೂ ಕೂತು ನೋಡಿದೆವು. ಎರಡರಲ್ಲಿ ಪ್ಯಾಕೆಟ್ ಮೇಲಿನ ಸ್ಟಿಕ್ಕರ್ 6203, ಒಳಗಿದ್ದ ಬೇರಿಂಗ್ 6202. ಮಾಲು ಬಂದಾಗ ಸ್ಟಿಕ್ಕರ್ ಅಂಟಿಸಿದವರ ತಪ್ಪು ಅದು, ಪಿಕ್ಕರ್‌ಗೆ ಕಾಣುವಂಥದ್ದಲ್ಲ. ಎರಡು ಕಳೆದರೆ 3 ಉಳಿಯಿತು, ಪೂರ್ತಿ 1,440 ಕೊಟ್ಟೆವು. ಸಂಜೆಯೊಳಗೆ ಇಡೀ ಶಿಫ್ಟಿಗೆ ಸುದ್ದಿ ಗೊತ್ತಾಗಿತ್ತು. ಮಾರನೇ ದಿನ ನಾಲ್ಕು ಜನ ಫೋಟೋ ನೋಡಲು ಬಂದರು, ಮೂವರದ್ದು ಅವರದೇ ತಪ್ಪು. ಅವರು ನೋಡಿ ಸುಮ್ನೆ ಹೋದರು.

ಮೂರು ತಿಂಗಳಾದ ಮೇಲೆ ಮೊದಲ ಸ್ಕೀಮಿನ 390 ಲೈನ್ ಮತ್ತೆ ಬರಲಿಲ್ಲ. 355ರ ಹತ್ತಿರ ನಿಂತಿತು. ದೂರುಗಳು ಮಾತ್ರ ಇನ್ಸೆಂಟಿವ್ ಇಲ್ಲದ ದಿನಗಳಿಗಿಂತಲೂ ಕೆಳಗೆ ಇಳಿದವು. ಆಗ ಮೇಲಿಂದ ಇನ್ನೊಂದು ಮಾತು ಬಂತು. ಎಲ್ಲರೂ 320 ದಾಟುತ್ತಿದ್ದಾರೆ, ಶುರುವಿನ ಮಿತಿಯನ್ನು 360 ಮಾಡಿ ಅಂತ. ಹಾಗೆ ಮಾಡಿದರೆ ಮುಂದೆ ಯಾರೂ ತಮ್ಮ ನಿಜವಾದ ವೇಗ ತೋರಿಸುವುದಿಲ್ಲ, ಒಳಗೊಳಗೇ ಮಾತಾಡಿಕೊಂಡು ಮಿತಿ ದಾಟಿದ ಕೂಡಲೇ ನಿಲ್ಲಿಸುತ್ತಾರೆ. ಇದನ್ನು ಹೇಳಿ ಹೇಳಿ ಸಾಕಾಯಿತು. ಕೊನೆಗೆ ರ್‍ಯಾಕ್ ಜಾಗ ಇಲ್ಲವೇ ಯಂತ್ರ ಬದಲಾದರೆ ಮಾತ್ರ, ಮತ್ತೆ ಸ್ಟಾಪ್‌ವಾಚ್ ಹಿಡಿದು ನೋಡಿಯೇ ಮಿತಿ ಬದಲಿಸುವುದು ಅಂತ ಬರೆದು, ಕನ್ನಡ ಮತ್ತು ಹಿಂದಿಯಲ್ಲಿ ಬೋರ್ಡಿಗೆ ಅಂಟಿಸಿದೆವು.

ಬಿಡಿಸಲಾಗದೆ ಉಳಿದದ್ದು ಸ್ಟಿಕ್ಕರ್ ಅಂಟಿಸುವವರ ಮತ್ತು ಮಾಲು ಬಿನ್‌ಗೆ ಹಾಕುವವರ ಮಾತು. ಪಿಕ್ಕರ್‌ಗೆ ಇದೆ, ನಮಗೆ ಯಾಕಿಲ್ಲ ಅಂತ ಕೇಳುತ್ತಲೇ ಇದ್ದರು. ಅವರ ತಪ್ಪು ಹೊರಗೆ ಬರುವುದು ಒಮ್ಮೊಮ್ಮೆ ಎರಡು ತಿಂಗಳ ಮೇಲೆ, ಯಾರೋ ಆ ಬಿನ್‌ಗೆ ಕೈ ಹಾಕಿದಾಗ. ಅಷ್ಟು ದಿನ ದುಡ್ಡು ತಡೆಹಿಡಿಯಲು ಆಗುವುದಿಲ್ಲ. ಅವರಿಗೆ ನಿಗದಿ ಸಂಬಳವನ್ನೇ ಸ್ವಲ್ಪ ಜಾಸ್ತಿ ಮಾಡಿಸಿದೆ. ಅವರಿಗೆ ಅದು ಅಷ್ಟೇನೂ ಹಿಡಿಸಲಿಲ್ಲ.