ಇಳಿಜಾರು ಫುಟಿಂಗ್‌ಗೆ ಡಬ್ಬಿ ಲೆಕ್ಕ ಬಿಟ್ಟೆ, ಸಿಮೆಂಟ್ ಉಳಿಯಿತು

ಹುಬ್ಬಳ್ಳಿಯ ನವನಗರದ ಕಡೆ 30×40 ಪ್ಲಾಟು, ಎರೆ ಮಣ್ಣು, ಹನ್ನೆರಡು ಕಾಲಂ. ಮೂಲೆಯ ನಾಲ್ಕಕ್ಕೆ 4 ಅಡಿ ಚೌಕದ ಫುಟಿಂಗ್, ಅಂಚಿನ ಆರಕ್ಕೆ 4.5 ಅಡಿ, ನಡುವಿನ ಎರಡಕ್ಕೆ 5.5 ಅಡಿ. ಎಲ್ಲಕ್ಕೂ ಕೆಳಗೆ 9 ಇಂಚು ನೇರ ಪ್ಯಾಡ್, ಮೇಲೆ 9 ಇಂಚು ಇಳಿಜಾರು. ಕಾಲಂ 9×12 ಇಂಚು, ಸುತ್ತ ಎರಡೆರಡು ಇಂಚು ಬಿಟ್ಟು ಮೇಲ್ಮುಖ 13×16.

ನಮ್ಮ ಕಡೆ ಬಹಳ ಜನ ಉದ್ದ, ಅಗಲ, ಒಟ್ಟು ಎತ್ತರ ಗುಣಿಸಿ ಬಿಡ್ತಾರೆ, ಇದೇ ಡಬ್ಬಿ ಲೆಕ್ಕ. ಹಾಗೆ ಮಾಡಿದರೆ ಇಲ್ಲಿ ಸುಮಾರು 369 ಘನ ಅಡಿ. ಗದಗದ ಒಂದು ಸೈಟಿನಲ್ಲಿ ಈ ಲೆಕ್ಕಕ್ಕೇ ಚೀಲ ತರಿಸಿದ್ದರು. ಉಳಿದ ಚೀಲಗಳು ಮಳೆಗೆ ಗಟ್ಟಿಯಾಗಿ ಹೋದವು. ದುಡ್ಡು ಮನೆಯವರದೇ ಅಲ್ವಾ?

ಮೇಲಿನ ಕೆಳಗಿನ ಕ್ಷೇತ್ರಫಲದ ಸರಾಸರಿ ತೆಗೆಯುವವರೂ ಇದ್ದಾರೆ. ಅದೂ ಜಾಸ್ತಿಯೇ ಬರುತ್ತದೆ, ಇಲ್ಲಿ 283ರ ಹತ್ತಿರ. ನಾನು ಇಳಿಜಾರಿನ ನಟ್ಟನಡುವಿನ ಅಳತೆಯನ್ನೂ ಸೇರಿಸುತ್ತೇನೆ. ಕೆಳಗಿನ ಕ್ಷೇತ್ರಫಲ, ಮೇಲಿನದು, ನಡುವಿನದರ ನಾಲ್ಕು ಪಟ್ಟು ಕೂಡಿಸಿ, ಎತ್ತರದಿಂದ ಗುಣಿಸಿ, ಆರರಿಂದ ಭಾಗಿಸುವುದು. ನಡುವಿನ ಅಳತೆ ಅಂದರೆ ಮೇಲಿನ ಕೆಳಗಿನ ಬದಿಗಳ ಸರಾಸರಿ, ಕ್ಷೇತ್ರಫಲದ್ದಲ್ಲ. ದೊಡ್ಡ ಫುಟಿಂಗ್‌ನಲ್ಲಿ ಅದು 3.29×3.42. ಅದರ ಪ್ಯಾಡ್ 22.7, ಇಳಿಜಾರು 9.6, ಒಟ್ಟು 32.3 ಘನ ಅಡಿ. ಉಳಿದವು 22 ಮತ್ತು 17.6. ಹನ್ನೆರಡೂ ಸೇರಿ 267, ಅಂದರೆ ಏಳೂವರೆ ಘನ ಮೀಟರ್.

"ಸಾಹೇಬ್ರ, ಇಷ್ಟಕ್ಕ ಸಾಲಂಗಿಲ್ಲ ನೋಡ್ರಿ," ಅಂದರು ಗೌಂಡಿ. ಮನೆಯವರಿಗೂ ಅನುಮಾನ. ಸರಿ, ಮೊದಲು ಒಂದು ದೊಡ್ಡ ಫುಟಿಂಗ್ ಹಾಕಿ ಚೀಲ ಎಣಿಸೋಣ ಅಂದೆ. ಸಿಮೆಂಟ್, ಉಸುಕು, ಖಡಿ 1:1.5:3ರ ಮಾಲಿಗೆ ಒಂದು ಚೀಲಕ್ಕೆ 4.4 ಘನ ಅಡಿ ಹಿಡಿಯಿರಿ. ನನ್ನ ಲೆಕ್ಕಕ್ಕೆ 7.3 ಚೀಲ, ಡಬ್ಬಿ ಲೆಕ್ಕಕ್ಕೆ 10ರ ಮೇಲೆ. ಹೋದದ್ದು ಏಳೂವರೆ. ಆಮೇಲೆ ಯಾರೂ ಮಾತಾಡಲಿಲ್ಲ. ಕೊನೆಗೆ ಒಟ್ಟು 63ರ ಆಸುಪಾಸು ಹೋಯಿತು, ಡಬ್ಬಿ ಲೆಕ್ಕದಲ್ಲಿ 84 ತರಿಸಬೇಕಿತ್ತು. ಚೀಲ ನಾನೂರು ಅಂತ ಹಿಡಿದರೂ ಎಂಟು ಸಾವಿರ, ಉಸುಕು ಖಡಿ ಬೇರೆ. ಫುಟಿಂಗ್ ಕೆಳಗೆ ಹಾಸುವ ಪಿಸಿಸಿ ಇದರಲ್ಲಿಲ್ಲ.

ಮಧ್ಯೆ ಒಂದು ಪ್ರಯೋಗ ಮಾಡಿದೆ. ಒಂದು ಗುಂಡಿಗೆ ಪ್ಯಾಡ್‌ನ ಬದಿ ಹಲಗೆ ಕಟ್ಟಿಸದೆ ಮಣ್ಣಿಗೇ ಕಾಂಕ್ರೀಟ್ ಹಾಕಿಸಿದೆ. ಎರೆ ಮಣ್ಣು ಕುಸಿದು ಗುಂಡಿ ಅಗಲವಾಗಿತ್ತು. ದೊಡ್ಡ ಫುಟಿಂಗ್‌ನಲ್ಲಿ ಸುತ್ತ ಮೂರು ಇಂಚು ಹೆಚ್ಚಾದರೆ ಒಂದು ಚೀಲ ಸುಮ್ನೆ ಹೋಗುತ್ತದೆ. ಹಲಗೆ ಕಟ್ಟದಿದ್ದರೆ ಈ ಲೆಕ್ಕ ನಂಬಬೇಡಿ.

ಮಾಲು ತೆಳುವಾದರೂ ಕಷ್ಟ. ಇಳಿಜಾರು ಜಾರಿ ಕಾಲಂ ಬುಡದಲ್ಲಿ ಎತ್ತರ ಕಡಿಮೆಯಾಗುತ್ತದೆ. ಆಗ ಚೀಲ ಉಳಿದಂತೆ ಕಾಣುತ್ತದೆ, ನಿಜಕ್ಕೂ ಫುಟಿಂಗೇ ಸಣ್ಣದಾಗಿರುತ್ತದೆ. ಕಾಲಂ ಸರಳಿನ ಮೇಲೆ ಒಂದೂವರೆ ಅಡಿಗೆ ಬಣ್ಣದ ಗುರುತು ಹಾಕಿಸಿ, ಅಲ್ಲಿಗೆ ಮುಟ್ಟಿದ್ದನ್ನು ನೋಡಿದ ಮೇಲೇ ಚೀಲ ಎಣಿಸಿ. ನೀರು ಎಷ್ಟು ಹಾಕಿಸುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.