ಫ್ಯೂಚರ್ಸ್ ನಷ್ಟ ಕೈತಪ್ಪದಂತೆ ಐಟಿ ರಿಟರ್ನ್‌ನಲ್ಲಿ ತೋರಿಸುವುದು ಹೇಗೆ?

ಸಂಬಳದ ಜೊತೆ ಷೇರು ಟ್ರೇಡಿಂಗ್ ಮಾಡುವವರಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: ‘ನನಗೆ ಬರೀ ನಷ್ಟ ಆಗಿದೆ, ತೆರಿಗೆ ಕಟ್ಟುವ ಪ್ರಶ್ನೆಯೇ ಇಲ್ಲ, ರಿಟರ್ನ್‌ನಲ್ಲಿ ಯಾಕೆ ತೋರಿಸಬೇಕು?’ ನಿಜ ಹೇಳಬೇಕೆಂದರೆ ನಷ್ಟ ಆದವರೇ ಮೊದಲು ತೋರಿಸಬೇಕು. ಸರಿಯಾಗಿ ತೋರಿಸಿದ ನಷ್ಟ ಈ ವರ್ಷದ ಮತ್ತು ಮುಂದಿನ ವರ್ಷಗಳ ತೆರಿಗೆಯನ್ನು ತಗ್ಗಿಸುತ್ತದೆ. ತೋರಿಸದೆ ಬಿಟ್ಟ ನಷ್ಟ ಹಾಗೇ ಹೋಗುತ್ತದೆ.

ಒಂದು ಉದಾಹರಣೆ ಹಿಡಿದು ಹೋಗೋಣ. ಒಬ್ಬ ಉದ್ಯೋಗಿಗೆ ವರ್ಷಕ್ಕೆ 9 ಲಕ್ಷ ರೂಪಾಯಿ ಸಂಬಳ, ಎಫ್‌ಡಿಯಿಂದ 40,000 ರೂಪಾಯಿ ಬಡ್ಡಿ. ಜೊತೆಗೆ ಫ್ಯೂಚರ್ಸ್ ಮತ್ತು ಇಂಟ್ರಾಡೇ ಎರಡರಲ್ಲೂ ವ್ಯವಹಾರ ಇದೆ. ಫ್ಯೂಚರ್ಸ್‌ನಲ್ಲಿ ಲಾಭ ಕೊಟ್ಟ ಟ್ರೇಡ್‌ಗಳ ಮೊತ್ತ 1,80,000, ನಷ್ಟದವು 3,40,000. ಇಂಟ್ರಾಡೇಯಲ್ಲಿ ಲಾಭ 52,000, ನಷ್ಟ 34,000.

ಮೊದಲು ಎರಡು ರಾಶಿ ಮಾಡಿ

ಎರಡೂ ವ್ಯಾಪಾರದ ಆದಾಯವೇ. ಆದರೆ ಕಾನೂನು ಇವನ್ನು ಒಂದೇ ಬಗೆ ಎಂದು ನೋಡುವುದಿಲ್ಲ. ಇಂಟ್ರಾಡೇಯಲ್ಲಿ ಷೇರು ನಿಮ್ಮ ಡಿಮ್ಯಾಟ್‌ಗೆ ಬರುವುದೇ ಇಲ್ಲ, ಅದೇ ದಿನ ಲೆಕ್ಕ ಚುಕ್ತಾ. ಹಾಗಾಗಿ ಅದು ಸ್ಪೆಕ್ಯುಲೇಟಿವ್ ವ್ಯಾಪಾರ. ಫ್ಯೂಚರ್ಸ್, ಆಪ್ಷನ್ಸ್‌ನಲ್ಲೂ ಷೇರು ಕೈಗೆ ಬರುವುದು ಅಪರೂಪ. ಆದರೂ ಮಾನ್ಯತೆ ಪಡೆದ ಎಕ್ಸ್‌ಚೇಂಜ್‌ನಲ್ಲಿ ನಡೆದರೆ ಅದನ್ನು ಸ್ಪೆಕ್ಯುಲೇಟಿವ್ ಅಲ್ಲ ಎಂದು ಕಾನೂನೇ ಹೊರಗಿಟ್ಟಿದೆ. ಮುಂದಿನ ಲೆಕ್ಕವೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿದೆ. ಹಾಗಾಗಿ ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ಬರೆಯಬೇಡಿ.

ವರ್ಷ ಮುಗಿದ ಮೇಲೆ ಬ್ರೋಕರ್ ವೆಬ್‌ಸೈಟಿನಿಂದ ಮೂರು ದಾಖಲೆ ಇಳಿಸಿಕೊಳ್ಳಿ: ತೆರಿಗೆಗಾಗಿ ಕೊಡುವ ಲಾಭ-ನಷ್ಟದ ವರದಿ, ಲೆಡ್ಜರ್, ಕಾಂಟ್ರಾಕ್ಟ್ ನೋಟ್‌ಗಳು. ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್. ಟ್ರೇಡರ್‌ಗೆ ಲೆಕ್ಕದ ಪುಸ್ತಕ ಅಂದರೆ ಹೆಚ್ಚುಕಡಿಮೆ ಇಷ್ಟೇ. ಲೆಡ್ಜರ್‌ನ ಕೊನೆಯ ಬಾಕಿಯನ್ನು ಲಾಭ-ನಷ್ಟದ ವರದಿಯ ಜೊತೆ ಒಮ್ಮೆ ತಾಳೆ ನೋಡಿ. ವರ್ಷದ ಆರಂಭದ ಬಾಕಿಗೆ ನೀವು ಹಾಕಿದ ಹಣ ಸೇರಿಸಿ, ತೆಗೆದ ಹಣ ಕಳೆದು, ನಿವ್ವಳ ಲಾಭ ಕೂಡಿಸಿದರೆ ಅಥವಾ ನಷ್ಟ ಕಳೆದರೆ ಕೊನೆಯ ಬಾಕಿಯ ಹತ್ತಿರ ಬರಬೇಕು. ಡೆಲಿವರಿಗೆ ಕೊಂಡ ಷೇರುಗಳಿದ್ದರೆ ಅವುಗಳ ಹಣವನ್ನೂ ಗಮನದಲ್ಲಿಡಿ. ದೊಡ್ಡ ವ್ಯತ್ಯಾಸ ಬಂತು ಅಂದರೆ ಸಾಮಾನ್ಯವಾಗಿ ಯಾವುದೋ ಶುಲ್ಕ ಬಿಟ್ಟುಹೋಗಿರುತ್ತದೆ ಅಥವಾ ಮಾರ್ಚ್ 31ಕ್ಕೆ ತೆರೆದೇ ಉಳಿದ ಪೊಸಿಷನ್ ಇರುತ್ತದೆ.

ಖರ್ಚನ್ನೂ ಎರಡು ರಾಶಿಗೆ ಹಂಚಿ. ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ಜಿಎಸ್‌ಟಿ, ಸ್ಟಾಂಪ್ ಡ್ಯೂಟಿ ಎಲ್ಲವೂ ಖರ್ಚು. ಹೂಡಿಕೆದಾರರಿಗೆ ಸಿಗದ ಒಂದು ಅನುಕೂಲ ಇಲ್ಲಿದೆ: ವ್ಯಾಪಾರದ ಆದಾಯ ಎಂದು ತೋರಿಸುವಾಗ ಎಸ್‌ಟಿಟಿಯನ್ನೂ ಖರ್ಚಿಗೆ ಹಾಕಬಹುದು. ನಮ್ಮ ಉದಾಹರಣೆಯಲ್ಲಿ ಫ್ಯೂಚರ್ಸ್‌ನ ಖರ್ಚು 22,000, ಇಂಟ್ರಾಡೇಯದು 6,000 ಎಂದಿಟ್ಟುಕೊಳ್ಳಿ. ಫ್ಯೂಚರ್ಸ್‌ನಲ್ಲಿ 1,60,000 ನಷ್ಟದ ಮೇಲೆ ಖರ್ಚು ಸೇರಿ 1,82,000 ನಷ್ಟ. ಇಂಟ್ರಾಡೇಯಲ್ಲಿ 18,000 ಲಾಭದಿಂದ ಖರ್ಚು ಕಳೆದು 12,000 ಲಾಭ.

ಟರ್ನೋವರ್ ಲೆಕ್ಕ: ಇಲ್ಲೇ ಜಾಸ್ತಿ ಜನ ಹೆದರುವುದು

ನಿಫ್ಟಿ 24,000ದಲ್ಲಿದ್ದು ಲಾಟ್ 75 ಇದ್ದರೆ ಒಂದು ಫ್ಯೂಚರ್ಸ್ ಲಾಟ್‌ನ ಮೌಲ್ಯವೇ 18 ಲಕ್ಷ. ಇಂಥ 20 ಟ್ರೇಡ್ ಮಾಡಿದವರು ಖರೀದಿಯ ಮೌಲ್ಯ ಕೂಡಿಸಿ ‘3.6 ಕೋಟಿ ಆಯಿತಲ್ಲ, ಆಡಿಟ್ ಬೇಕೇನೋ’ ಎಂದು ಗಾಬರಿಯಾಗುತ್ತಾರೆ. ಇಲ್ಲಿ ಟರ್ನೋವರ್ ಅಂದರೆ ಅದಲ್ಲ. ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಮಾರ್ಗದರ್ಶಿಯ ಪ್ರಕಾರ ಪ್ರತಿ ಟ್ರೇಡ್‌ನ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳಬೇಕು. ಅದು ಲಾಭವಾಗಲಿ ನಷ್ಟವಾಗಲಿ, ಮೈನಸ್ ಚಿಹ್ನೆ ಬಿಟ್ಟು ಕೂಡಿಸಬೇಕು. ಹಾಗಾಗಿ ನಮ್ಮ ಉದ್ಯೋಗಿಯ ಫ್ಯೂಚರ್ಸ್ ಟರ್ನೋವರ್ 1,80,000 ಮತ್ತು 3,40,000 ಸೇರಿ 5,20,000. ಇಂಟ್ರಾಡೇಯದು 52,000 ಮತ್ತು 34,000 ಸೇರಿ 86,000. ಒಟ್ಟು 6,06,000.

ಆಡಿಟ್‌ನ ಸಾಮಾನ್ಯ ಮಿತಿ 1 ಕೋಟಿ. ನಗದಿನಲ್ಲಿ ಬಂದದ್ದು ಮತ್ತು ಹೋದದ್ದು ತಲಾ ಶೇ 5 ಮೀರದಿದ್ದರೆ ಮಿತಿ 10 ಕೋಟಿ. ಟ್ರೇಡಿಂಗ್ ಹಣವೆಲ್ಲ ಬ್ಯಾಂಕ್ ಮೂಲಕವೇ ಓಡಾಡುವುದರಿಂದ ಬಹುತೇಕರಿಗೆ ಅನ್ವಯಿಸುವುದು ಈ 10 ಕೋಟಿಯ ಮಿತಿಯೇ.

‘ನಷ್ಟ ಆದರೆ ಆಡಿಟ್ ಕಡ್ಡಾಯ’ ಎಂಬ ಮಾತು ಇನ್ನೂ ಓಡಾಡುತ್ತಿದೆ. ಈಗಿನ ನಿಯಮದಲ್ಲಿ ನಷ್ಟವೊಂದೇ ಕಾರಣಕ್ಕೆ ಆಡಿಟ್ ಬರುವುದಿಲ್ಲ. ಅದು ಬರುವುದು ಬೇರೆ ಸಂದರ್ಭದಲ್ಲಿ. ಪುಸ್ತಕ ಇಡುವ ತಲೆನೋವು ಬೇಡವೆಂದು ಕೆಲವರು ಒಂದು ವರ್ಷ ಅಂದಾಜು ಲಾಭದ ಯೋಜನೆಗೆ ಸೇರಿ, ಟರ್ನೋವರ್‌ನ ಶೇ 6ರಷ್ಟನ್ನು ಲಾಭ ಎಂದು ತೋರಿಸುತ್ತಾರೆ. ಮುಂದಿನ 5 ವರ್ಷದೊಳಗೆ ನಷ್ಟವಾಗಿ ಯೋಜನೆಯಿಂದ ಹೊರಬಂದರೆ, ಒಟ್ಟು ಆದಾಯ ತೆರಿಗೆ ವಿನಾಯಿತಿ ಮಿತಿಗಿಂತ ಮೇಲಿದ್ದರೆ ಆಡಿಟ್ ಮಾಡಿಸಲೇಬೇಕು. ಸಂಬಳ ಇರುವವರಿಗೆ ಆದಾಯ ಮಿತಿ ಮೀರಿಯೇ ಇರುತ್ತದೆ, ಅಲ್ವಾ? ಹಾಗಾಗಿ ಟ್ರೇಡಿಂಗ್ ಮಾಡುವ ಉದ್ಯೋಗಿಗಳು ಈ ಸುಲಭದ ದಾರಿ ಹಿಡಿಯುವ ಮುನ್ನ ಎರಡು ಸಲ ಯೋಚಿಸುವುದು ಒಳ್ಳೆಯದು.

ನಷ್ಟ ಎಲ್ಲಿ ವಜಾ ಆಗುತ್ತದೆ?

ಫ್ಯೂಚರ್ಸ್‌ನ 1,82,000 ನಷ್ಟವನ್ನು ಮೊದಲು ಇಂಟ್ರಾಡೇ ಲಾಭ 12,000ಕ್ಕೆ ಹೊಂದಿಸಿ. ಉಳಿದದ್ದು 1,70,000. ನಂತರ ಎಫ್‌ಡಿ ಬಡ್ಡಿ 40,000ಕ್ಕೆ ಹೊಂದಿಸಿ. ಉಳಿದದ್ದು 1,30,000. ಅಂದರೆ ಈ ವರ್ಷ ಬಡ್ಡಿಗೆ ತೆರಿಗೆ ಇಲ್ಲ. ಇಲ್ಲಿಗೆ ನಿಲ್ಲಿಸಬೇಕು, ಏಕೆಂದರೆ ವ್ಯಾಪಾರದ ನಷ್ಟವನ್ನು ಸಂಬಳದಲ್ಲಿ ವಜಾ ಮಾಡುವ ಹಾಗಿಲ್ಲ. ಉಳಿದ 1,30,000ವನ್ನು ಮುಂದಿನ 8 ವರ್ಷ ಒಯ್ಯಬಹುದು. ಆದರೆ ಆಗ ಅದು ವ್ಯಾಪಾರದ ಲಾಭಕ್ಕೆ ಮಾತ್ರ ಹೊಂದುತ್ತದೆ, ಬಡ್ಡಿಗೆ ಹೊಂದುವುದಿಲ್ಲ.

ಅದಲುಬದಲಾಗಿದ್ದರೆ ಕಥೆಯೇ ಬೇರೆ. ಇಂಟ್ರಾಡೇಯಲ್ಲಿ ನಷ್ಟ, ಫ್ಯೂಚರ್ಸ್‌ನಲ್ಲಿ ಲಾಭ ಬಂದಿದ್ದರೆ ಆ ನಷ್ಟ ಇಂಟ್ರಾಡೇಯಂಥ ಸ್ಪೆಕ್ಯುಲೇಟಿವ್ ಲಾಭಕ್ಕೆ ಬಿಟ್ಟು ಇನ್ಯಾವುದಕ್ಕೂ ಹೊಂದುತ್ತಿರಲಿಲ್ಲ. ಅದರ ಆಯುಸ್ಸೂ 4 ವರ್ಷ ಮಾತ್ರ.

ಫಾರಂ ಮತ್ತು ಗಡುವು

ಉದ್ಯೋಗಿಗಳಿಗೆ ಅಭ್ಯಾಸವಾಗಿರುವ ಐಟಿಆರ್-1 ಅಥವಾ ಐಟಿಆರ್-2ರಲ್ಲಿ ವ್ಯಾಪಾರದ ನಷ್ಟಕ್ಕೆ ಜಾಗವೇ ಇಲ್ಲ. ಐಟಿಆರ್-3 ತುಂಬಬೇಕು. ಅದರಲ್ಲಿ ಇಂಟ್ರಾಡೇ ಮತ್ತು ಫ್ಯೂಚರ್ಸ್ ಅಂಕಿಗಳನ್ನು ಬೇರೆಬೇರೆ ಕೊಡಿ. ಸಲ್ಲಿಸುವ ಮುನ್ನ ಎರಡು ಪುಟ ತೆರೆದು ನೋಡಿ. Schedule CYLA ಪುಟದಲ್ಲಿ ಬಡ್ಡಿಯ 40,000 ವಜಾ ಆಗಿರಬೇಕು. Schedule CFL ಪುಟದಲ್ಲಿ ಈ ವರ್ಷದ ಸಾಲಿನಲ್ಲಿ 1,30,000 ಕಾಣಬೇಕು. ಅಲ್ಲಿ ಸೊನ್ನೆ ಇದ್ದರೆ ಹಿಂದೆಲ್ಲೋ ಅಂಕಿ ತಪ್ಪು ಜಾಗಕ್ಕೆ ಹೋಗಿದೆ ಎಂದೇ ಅರ್ಥ.

ಗಡುವಿನ ದಿನಾಂಕವನ್ನು ಪ್ರತಿ ವರ್ಷ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ, ಅದು ಬದಲಾಗುತ್ತಿರುತ್ತದೆ. ತಡವಾಗಿ ಸಲ್ಲಿಸಿದರೂ ಅದೇ ವರ್ಷದ ಬಡ್ಡಿಗೆ ನಷ್ಟ ಹೊಂದಿಸಬಹುದು. ಆದರೆ ಉಳಿದ 1,30,000 ಮುಂದಕ್ಕೆ ಹೋಗುವುದಿಲ್ಲ. ಒಂದೇ ದಿನ ತಡವಾದರೂ ಅಷ್ಟೇ. ಗಡುವಿನೊಳಗೆ ಸುಮ್ನೆ ಐಟಿಆರ್-1 ಹಾಕಿಬಿಟ್ಟಿದ್ದವರು ತಿದ್ದಿದ ರಿಟರ್ನ್ ಮೂಲಕ ಐಟಿಆರ್-3 ಸಲ್ಲಿಸಬಹುದು.

ಮುಂದಿನ ವರ್ಷ ಫ್ಯೂಚರ್ಸ್‌ನಲ್ಲಿ 90,000 ಲಾಭ ಬಂತು ಎನ್ನಿ. ಹಿಂದಿನ 1,30,000ದಲ್ಲಿ 90,000 ಅದಕ್ಕೆ ವಜಾ ಆಗಿ ಆ ಲಾಭಕ್ಕೆ ತೆರಿಗೆ ಬೀಳುವುದಿಲ್ಲ. ಬಾಕಿ 40,000 ಅದರ ಮುಂದಿನ ವರ್ಷಕ್ಕೆ ಹೋಗುತ್ತದೆ. ಈ ನಷ್ಟ ಪೂರ್ತಿ ಕರಗುವವರೆಗೆ ಮೊದಲ ವರ್ಷದ ಕಾಂಟ್ರಾಕ್ಟ್ ನೋಟ್ ಮತ್ತು ಲೆಡ್ಜರ್‌ಗಳನ್ನು ತೆಗೆದಿಟ್ಟುಕೊಂಡಿರಿ. ಬ್ರೋಕರ್ ಖಾತೆ ಮುಚ್ಚುವುದಿದ್ದರೆ ಅದಕ್ಕೂ ಮೊದಲೇ ಇಳಿಸಿಕೊಳ್ಳಿ.