ಕಟ್ಟಿದ ಮೂಗಿಗೆ ಹಬೆ, ಉಪ್ಪುನೀರು, ಮಲಗುವ ಮಗ್ಗುಲು

ಮೂಗು ಕಟ್ಟಿತೆಂದರೆ ಒಳಗೆ ಸಿಂಬಳ ತುಂಬಿಕೊಂಡಿದೆ ಅಂತಲೇ ಎಲ್ಲರೂ ತಿಳಿಯುತ್ತಾರೆ. ಅದಕ್ಕೇ ಮುಖ ಕೆಂಪಾಗುವವರೆಗೆ ಜೋರಾಗಿ ಊದಿ ತೆಗೆಯಲು ನೋಡುತ್ತಾರೆ, ಆದರೂ ಏನೂ ಬರುವುದಿಲ್ಲ. ಯಾಕೆಂದರೆ ದಾರಿ ಮುಚ್ಚಿರುವುದು ಹೆಚ್ಚಾಗಿ ಊತದಿಂದ. ಮೂಗಿನ ಒಳಗೋಡೆಯ ಮೆತ್ತನೆಯ ಪದರದಲ್ಲಿ ರಕ್ತನಾಳಗಳು ತುಂಬಿ ಉಬ್ಬಿರುತ್ತವೆ. ಕೆನ್ನೆ ಮತ್ತು ಹಣೆಯ ಮೂಳೆಗಳೊಳಗಿನ ಗಾಳಿಗೂಡುಗಳು, ಅಂದರೆ ಸೈನಸ್‌ಗಳು, ಮೂಗಿಗೆ ತೆರೆಯುವ ಕಿಂಡಿಗಳು ಬಹಳ ಸಣ್ಣವು. ಊತಕ್ಕೆ ಅವು ಮುಚ್ಚಿಕೊಂಡಾಗ ಬಗ್ಗಿದರೆ ಮುಖ ಭಾರ, ಕಣ್ಣಿನ ಕೆಳಗೆ ಒತ್ತಿದರೆ ನೋವು. ಜೋರಾಗಿ ಊದಿದಷ್ಟೂ ಆ ಪದರ ಇನ್ನಷ್ಟು ಕೆರಳುತ್ತದೆ, ಕಿವಿಗೂ ಒತ್ತಡ ಹೋಗುತ್ತದೆ.

ದೊಡ್ಡವರೊಬ್ಬರಿಗೆ ನೆಗಡಿ ಶುರುವಾಗಿ ಮೂರು ದಿನವಾಗಿದೆ, ಬಲ ಹೊಳ್ಳೆ ಕಟ್ಟಿದೆ, ಬಲಕೆನ್ನೆ ಭಾರ, ರಾತ್ರಿ ಬಾಯಲ್ಲಿ ಉಸಿರಾಡಿ ಗಂಟಲು ಒಣಗುತ್ತಿದೆ ಅಂತ ಇಟ್ಟುಕೊಳ್ಳೋಣ. ಇವರು ಸಂಜೆ ಏಳೂವರೆ ಹೊತ್ತಿಗೆ ಶುರುಮಾಡಬೇಕು, ಮಲಗುವ ಹೊತ್ತಿಗಲ್ಲ.

ಮೊದಲು ಹಬೆ. ಅಗಲ ಬುಡದ, ಭಾರದ ಪಾತ್ರೆಯಲ್ಲಿ ಅರ್ಧದಷ್ಟು ಮಾತ್ರ ನೀರು ಕುದಿಸಿ, ಒಲೆಯಿಂದ ಇಳಿಸಿ, ಅಲುಗಾಡದ ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿ ಅದರ ಮೇಲಿಡಿ. ಒಂದೆರಡು ನಿಮಿಷ ಬಿಟ್ಟು ಕೂರಿ, ಮುಖಕ್ಕೂ ನೀರಿಗೂ ಒಂದಡಿ ಅಂತರವಿರಲಿ. ಟವೆಲನ್ನು ತಲೆಯಿಂದ ಸಡಿಲವಾಗಿ ಇಳಿಬಿಡಿ, ಕಣ್ಣು ಮುಚ್ಚಿ, ಮೂಗಿನಿಂದಲೇ ನಿಧಾನವಾಗಿ ಉಸಿರೆಳೆಯಿರಿ. ಐದರಿಂದ ಹತ್ತು ನಿಮಿಷ ಸಾಕು. ಕೆನ್ನೆ ಚುರುಗುಟ್ಟಿದರೆ ತೀರಾ ಹತ್ತಿರ ಹೋಗಿದ್ದೀರಿ ಅಂತ ಅರ್ಥ. ಪಾತ್ರೆಯನ್ನು ತೊಡೆಯ ಮೇಲಾಗಲಿ ಹಾಸಿಗೆಯ ಮೇಲಾಗಲಿ ಇಟ್ಟುಕೊಳ್ಳಲೇಬೇಡಿ. ಹಬೆಯಿಂದ ಆಗುವ ಅನಾಹುತ ಹೆಚ್ಚಾಗಿ ಕುದಿನೀರು ಮಗುಚಿಯೇ ಆಗುವುದು. ಹತ್ತಿರ ಮಕ್ಕಳು ಓಡಾಡುತ್ತಿದ್ದರೆ ಈ ಕೆಲಸ ಬಿಟ್ಟು ಬಿಸಿನೀರಿನ ಸ್ನಾನ ಮಾಡಿ, ಬಚ್ಚಲಮನೆಯ ಹಬೆಯೇ ಸಾಕು.

ನೀಲಗಿರಿ ಎಣ್ಣೆಯನ್ನೋ ಬಾಮನ್ನೋ ಹಾಕಿದರೆ ಮೂಗು ತೆರೆದ ಹಾಗೆ ಅನಿಸುವುದು ನಿಜ. ಆ ತಂಪು ಮೂಗಿನ ನರಗಳಿಗೆ ತಾಗಿ ಗಾಳಿ ಚೆನ್ನಾಗಿ ಆಡುತ್ತಿದೆ ಅನಿಸುತ್ತದೆ, ಊತ ಮಾತ್ರ ಇದ್ದಷ್ಟೇ ಇರುತ್ತದೆ. ಹೆಚ್ಚು ಹಾಕಿದರೆ ಕಣ್ಣು ಉರಿಯುತ್ತದೆ, ಉಬ್ಬಸ ಇರುವವರಿಗೆ ಕೆಮ್ಮು ಏಳುತ್ತದೆ. ಬರೀ ನೀರೇ ಒಳ್ಳೆಯದು. ಹಬೆಯಿಂದ ಕಾಯಿಲೆ ವಾಸಿಯಾಗುವುದಿಲ್ಲ. ಅದು ಗಟ್ಟಿ ಸಿಂಬಳವನ್ನು ಒದ್ದೆ ಮಾಡಿ ಸ್ವಲ್ಪ ಹೊತ್ತು ಹಗುರ ಮಾಡುತ್ತದೆ, ಅಷ್ಟೇ. ಆ ಸ್ವಲ್ಪ ಹೊತ್ತಿನಲ್ಲಿ ಮೂಗು ತೊಳೆದುಬಿಡಬೇಕು.

ನಿಜವಾದ ಉಪಕಾರ ಆಗುವುದು ಉಪ್ಪುನೀರಿನಿಂದ, ಎಚ್ಚರ ಬೇಕಾದದ್ದೂ ಅಲ್ಲೇ. ನಲ್ಲಿ, ಬೋರ್‌ವೆಲ್, ಬಾವಿ, ಯಾವ ನೀರನ್ನೂ ಹಾಗೇ ಮೂಗಿಗೆ ಹೊಯ್ಯಬಾರದು. ಅಡುಗೆಮನೆಯ ಫಿಲ್ಟರ್ ನೀರಾದರೂ ಕುದಿಸಲೇಬೇಕು. ಕುಡಿದರೆ ಏನೂ ಮಾಡದ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋದರೆ ಬದುಕುಳಿಯುವವರು ತೀರಾ ವಿರಳ. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿನೀರಿನಿಂದ ಮೂಗು ತೊಳೆದ ಇಬ್ಬರು ಹೀಗೇ ತೀರಿಹೋದರು. ಪಕ್ಕದ ಕೇರಳದಲ್ಲೂ 2024ರಲ್ಲಿ ಇದೇ ಅಮೀಬಾದಿಂದ ಮಕ್ಕಳು ಸತ್ತಿದ್ದಾರೆ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ. ಮಧ್ಯಾಹ್ನವೇ ಕುದಿಸಿಟ್ಟರೆ ಸಂಜೆಗೆ ಅವಸರವಿರುವುದಿಲ್ಲ. ತೊಳೆಯುವಾಗ ಉಗುರುಬೆಚ್ಚಗಿರಬೇಕು. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನಿಸಬೇಕು.

ಅರ್ಧ ಲೀಟರ್ ನೀರಿಗೆ ತಲೆ ಸವರಿದ ಒಂದು ಟೀ ಚಮಚ ನುಣ್ಣನೆಯ ಉಪ್ಪು, ಕಾಲು ಚಮಚ ಅಡುಗೆ ಸೋಡಾ. ಅಯೋಡಿನ್ ಸೇರಿಸದ ಉಪ್ಪು ಸಿಕ್ಕರೆ ಉರಿ ಕಡಿಮೆ. ಕಲ್ಲುಪ್ಪಿನಲ್ಲಿ ಮಣ್ಣು ಇರುತ್ತದೆ, ಚಮಚದ ಅಳತೆಯೂ ತಪ್ಪುತ್ತದೆ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದನ್ನು ಹಾಕಬೇಡಿ. ನಾಲಿಗೆಗೆ ಕಣ್ಣೀರಿನಷ್ಟು ಉಪ್ಪು ತಾಗಿದರೆ ಹದ ಸರಿಯಿದೆ. ಉಪ್ಪು ಕಡಿಮೆಯಾದರೆ ಕೆರೆಯಲ್ಲಿ ಈಜುವಾಗ ಮೂಗಿಗೆ ನೀರು ನುಗ್ಗಿದ ಹಾಗೆ ನೆತ್ತಿಗೆ ಚುರುಕ್ ಅನ್ನುತ್ತದೆ. ಹೆಚ್ಚಾದರೆ ಉರಿ ಬಹಳ ಹೊತ್ತು ಉಳಿಯುತ್ತದೆ. ಎಷ್ಟೋ ಜನ ಒಂದೇ ಸಲಕ್ಕೆ ಇದನ್ನು ಬಿಟ್ಟುಬಿಡುವುದು ಈ ಅಳತೆ ತಪ್ಪಿದ್ದಕ್ಕೇ.

ಜಲನೇತಿಯ ಗಿಂಡಿಯೋ, ಔಷಧಿ ಅಂಗಡಿಯ ಅಮುಕುವ ಬಾಟಲಿಯೋ ಆಗಬಹುದು. ಸಿಂಕಿನ ಮೇಲೆ ಸೊಂಟದಿಂದ ಬಗ್ಗಿ, ಬಲ ಹೊಳ್ಳೆ ಮೇಲಾಗುವಂತೆ ತಲೆಯನ್ನು ಎಡಕ್ಕೆ ವಾಲಿಸಿ. ಹಣೆ ಮತ್ತು ಗದ್ದ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಲಿ. ಬಾಯಿ ತೆರೆದು ಬಾಯಲ್ಲೇ ಉಸಿರಾಡುತ್ತಾ ಗಿಂಡಿಯ ಮೂತಿಯನ್ನು ಬಲ ಹೊಳ್ಳೆಗೆ ಇಟ್ಟು ನಿಧಾನವಾಗಿ ಹೊಯ್ಯಿರಿ. ಕಟ್ಟಿದ ಕಡೆಯಿಂದಲೇ ಶುರುಮಾಡುವುದಕ್ಕೆ ಕಾರಣವಿದೆ: ಹೊರಹೋಗುವ ಎಡ ಹೊಳ್ಳೆ ತೆರೆದಿರುವುದರಿಂದ ಒಳಗೆ ನೀರು ನಿಂತು ಕಿವಿಯ ಕಡೆಗೆ ಒತ್ತುವುದಿಲ್ಲ. ಮೊದಲು ಹನಿಹನಿಯಾಗಿ, ಆಮೇಲೆ ಧಾರೆಯಾಗಿ, ನೂಲಿನಂಥ ಸಿಂಬಳದ ಜೊತೆ ಎಡಗಡೆಯಿಂದ ನೀರು ಇಳಿಯುತ್ತದೆ. ಅರ್ಧ ನೀರು ಮುಗಿದ ಮೇಲೆ ಇನ್ನೊಂದು ಕಡೆ. ನೀರು ಗಂಟಲಿಗೆ ಬಂದರೆ ಗದ್ದ ಮೇಲಾಗಿದೆ, ಇನ್ನಷ್ಟು ಬಗ್ಗಿ, ಬಂದದ್ದನ್ನು ಉಗುಳಿ. ನೀರು ಎಲ್ಲೂ ಹೊರಡದೆ ಕಿವಿ ತುಂಬಿದ ಹಾಗಾದರೆ ನಿಲ್ಲಿಸಿ. ಬಾಟಲಿಯನ್ನು ಜೋರಾಗಿ ಅಮುಕಿ ದಾರಿ ಬಿಡಿಸಲು ಹೋಗಬೇಡಿ, ಇನ್ನೊಮ್ಮೆ ಹಬೆ ತೆಗೆದುಕೊಂಡು ನೋಡಿ. ಎರಡು ಹೊಳ್ಳೆಯೂ ಪೂರ್ತಿ ಬಂದ್ ಆಗಿರುವಾಗ, ಕಿವಿನೋವು ಇರುವಾಗ, ಮೂಗಿಗೋ ಕಿವಿಗೋ ಹೊಸದಾಗಿ ಶಸ್ತ್ರಚಿಕಿತ್ಸೆ ಆದಾಗ ವೈದ್ಯರನ್ನು ಕೇಳದೆ ಇದನ್ನು ಮಾಡಬೇಡಿ.

ತೊಳೆದಾದ ಮೇಲೆ ಬಗ್ಗಿಕೊಂಡೇ ತಲೆಯನ್ನು ಅತ್ತಿತ್ತ ತಿರುಗಿಸಿ ನಿಂತ ನೀರು ಇಳಿಸಿ. ಹೊಳ್ಳೆ ಮುಚ್ಚದೆ, ಎರಡೂ ತೆರೆದಿಟ್ಟು ಮೆತ್ತಗೆ ಊದಿ. ಗಿಂಡಿಯನ್ನು ಸೋಪಿನಲ್ಲಿ ತೊಳೆದು, ಕುದಿಸಿದ ನೀರಲ್ಲಿ ಜಾಲಾಡಿ ಬೋರಲು ಹಾಕಿ ಒಣಗಿಸಿ. ಮಿಕ್ಕ ಉಪ್ಪುನೀರನ್ನು ನಾಳೆಗೆ ಇಡಬೇಡಿ. ಒಂದು ಗಂಟೆಯಾದರೂ ಕೂತೇ ಇರಬೇಕು. ಒಳಗೆ ಉಳಿದ ನೀರು ನೀವು ಯಾವುದಕ್ಕೋ ಬಗ್ಗಿದಾಗ ತಟಕ್ಕನೆ ಸುರಿಯುತ್ತದೆ, ಮಲಗಿದ್ದರೆ ಗಂಟಲಿಗೆ ಇಳಿದು ಕೆಮ್ಮು ಬರುತ್ತದೆ.

ಮಲಗಿದೊಡನೆ ಮೂಗು ಮತ್ತೆ ಕಟ್ಟುವುದು ಯಾಕೆಂದರೆ ತಲೆ ಎದೆಯ ಮಟ್ಟಕ್ಕೆ ಇಳಿದಾಗ ಮೂಗಿನ ರಕ್ತನಾಳಗಳು ಇನ್ನಷ್ಟು ತುಂಬುತ್ತವೆ. ಕತ್ತಿನ ಕೆಳಗೆ ಎರಡು ದಿಂಬು ಪೇರಿಸಿದರೆ ಗದ್ದ ಎದೆಗೆ ತಾಗಿ ಕತ್ತು ನೋಯುತ್ತದೆಯೇ ಹೊರತು ಎದೆ ಮೇಲೇಳುವುದಿಲ್ಲ. ಮಡಿಸಿದ ದಪ್ಪ ಕಂಬಳಿಯನ್ನು ಬೆನ್ನಿನ ಮೇಲ್ಭಾಗದಿಂದಲೇ ಇಳಿಜಾರಾಗಿ ಹಾಸಿ, ಅದರ ಮೇಲೆ ಒಂದೇ ದಿಂಬು ಇಡಿ. ಮರದ ಮಂಚವಾದರೆ ತಲೆಕಡೆಯ ಎರಡು ಕಾಲಿಗೂ ಅಲುಗಾಡದಂತೆ ಒಂದೊಂದು ಇಟ್ಟಿಗೆ ಕೊಡುವುದು ಇನ್ನೂ ಒಳ್ಳೆಯದು. ನಮ್ಮ ಉದಾಹರಣೆಯವರು ಎಡ ಮಗ್ಗುಲಿಗೆ ಮಲಗಬೇಕು. ಕೆಳಗಾದ ಹೊಳ್ಳೆ ಊದಿಕೊಳ್ಳುತ್ತದೆ, ಮೇಲಾದದ್ದು ಬಿಡಿಸಿಕೊಳ್ಳುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಬಲಗಡೆ ಸಣ್ಣಗೆ ಗಾಳಿ ಆಡುವುದು ಗೊತ್ತಾಗುತ್ತದೆ. ನಡುರಾತ್ರಿ ಎಡಗಡೆ ಕಟ್ಟಿದರೆ ಮಗ್ಗುಲು ಬದಲಿಸಿ. ಫ್ಯಾನ್ ಗಾಳಿ ನೇರ ಮುಖಕ್ಕೆ ಬೀಸದಿರಲಿ.

ಮೂಗು ಬಿಡಿಸುವ ಡ್ರಾಪ್ಸ್ ಬೇಕೇಬೇಕು ಅನಿಸಿದರೆ ಮೂರು ದಿನಕ್ಕಿಂತ ಹೆಚ್ಚು ಬೇಡ. ಆಮೇಲೆ ಔಷಧಿ ಬಿಟ್ಟ ಕೂಡಲೇ ಮೊದಲಿಗಿಂತ ಗಟ್ಟಿಯಾಗಿ ಕಟ್ಟುವ ಚಟ ಹತ್ತುತ್ತದೆ. ಬಿಪಿ ಇರುವವರು ಕೇಳಿಯೇ ಹಾಕಿಕೊಳ್ಳಬೇಕು.

ಹತ್ತು ದಿನವಾದರೂ ಕಡಿಮೆಯಾಗದಿದ್ದರೆ, ಕಡಿಮೆಯಾಗಿ ಮತ್ತೆ ಜ್ವರ, ಕೆನ್ನೆನೋವು ಏರಿದರೆ ವೈದ್ಯರ ಹತ್ತಿರ ಹೋಗಿ. ಕಣ್ಣಿನ ಸುತ್ತ ಊತ, ದೃಷ್ಟಿ ಮಸುಕು, ಕತ್ತು ಬಗ್ಗದಂಥ ತಲೆನೋವು, ಸಕ್ಕರೆ ಕಾಯಿಲೆಯವರಿಗೆ ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ.